ಗ್ರಾಫಿನ ಕೆಳಗಿನ ಹೆಸರು

ನಮ್ಮ ಸರ್ ಮೂವತ್ತನಾಲ್ಕು ಆಕರಗಳ ಪಟ್ಟಿಯನ್ನು ನನ್ನ ಕೈಗಿಟ್ಟು, "ಇದಿಷ್ಟೂ ಪೋಸ್ಟರ್ ಮೇಲೆ ಬರಬೇಕಮ್ಮ, ಒಂದು ಕಾಮಾನೂ ಬಿಡಬಾರದು" ಎಂದಾಗ ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನ ಕೈ ಪಳಗಿತ್ತು. ಹೌದೋ ಅಲ್ಲವೋ ಎಂದು ಎದುರಿನವರಿಗೆ ಗೊತ್ತಾಗದ ಹಾಗೆ ತಲೆಯಾಡಿಸಲು ಕಲಿತವರು ಮಾತ್ರ ಒಬ್ಬ ಮಾರ್ಗದರ್ಶಕರ ಕೆಳಗೆ ಎರಡು ವರ್ಷ ನೆಮ್ಮದಿಯಾಗಿ ಇರಬಲ್ಲರು.

ಆಗ ನಾನು ಕೆ.ಜಿ.ಎಫ್.ನಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ದಿನಾ ಬೆಳಗ್ಗೆ ಕ್ಯಾಸಂಬಳ್ಳಿಯಿಂದ ಬಸ್ಸು ಹತ್ತಿ ಬರುತ್ತಿದ್ದೆ. ನನ್ನ ಪ್ರಾಜೆಕ್ಟಿನ ವಿಷಯ ನಮ್ಮೂರ ಕಡೆಯವರಿಗೆಲ್ಲ ಮೂಗಿನ ಒಳಗೇ ಗೊತ್ತಿರುವಂಥದ್ದು: ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅಲ್ಲೇ ಕೂತಿರುವ ಸೈನೈಡ್ ದಿಬ್ಬಗಳಿಂದ, ಅಂದರೆ ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಗುಡ್ಡೆಗಳಿಂದ, ಗಾಳಿಗೆ ಎದ್ದು ಬರುವ ದೂಳು. ಜಿಲ್ಲೆಯ ಕಾಲೇಜುಗಳಿಗೆಂದು ಬಂಗಾರಪೇಟೆಯಲ್ಲಿ ಒಂದು ಪೋಸ್ಟರ್ ಸ್ಪರ್ಧೆ ಇಟ್ಟಿದ್ದರು. ಪೋಸ್ಟರ್ ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಕನ್ನಡದಲ್ಲೇ ಇರಬೇಕು. ಜೊತೆಗೆ ಐದು ನಿಮಿಷದ ಭಾಷಣ, ಆರೇ ಆರು ಸ್ಲೈಡು. ಮಾರ್ಗದರ್ಶಕರ ಸಹಿ ಇಲ್ಲದೆ ಯಾವ ಪೋಸ್ಟರನ್ನೂ ಒಳಗೆ ಬಿಡುವಂತಿರಲಿಲ್ಲ.

ಮೂರಡಿ ನಾಲ್ಕಡಿ ಎಂದರೆ ಮೈದಾನದಷ್ಟು ಜಾಗ ಎಂದುಕೊಂಡಿದ್ದೆ. ಶೀರ್ಷಿಕೆ, ನಕ್ಷೆ, ವಿಧಾನ, ಒಂದು ದೊಡ್ಡ ಗ್ರಾಫು, ತೀರ್ಮಾನ ಎಲ್ಲ ಹಾಕಿ ಕೊನೆಗೆ ಸರ್ ಕೊಟ್ಟ ಪಟ್ಟಿಯನ್ನು ಸುರಿದೆ. ಪೋಸ್ಟರಿನ ಮೂರನೇ ಒಂದು ಭಾಗವನ್ನು ಅದೇ ನುಂಗಿತು. ಒಂದೊಂದು ಲೇಖನಕ್ಕೂ ಆರೇಳು ಲೇಖಕರು, ಎರಡು ಸಾಲಿನ ಶೀರ್ಷಿಕೆ, ಪತ್ರಿಕೆಯ ಹೆಸರು ಉದ್ದಕ್ಕೆ, ಸಂಪುಟ, ಪುಟ, ಅದರ ಬಾಲಕ್ಕೆ ಇಂಟರ್ನೆಟ್ ವಿಳಾಸ. ಎಲ್ಲಾ ಇಂಗ್ಲಿಷಿನಲ್ಲಿ, ಎಲ್ಲಾ ಇರುವೆ ಗಾತ್ರದಲ್ಲಿ. ನನ್ನ ಗ್ರಾಫು ಮೂಲೆಗೆ ಸರಿದು ಅಂಗೈಯಷ್ಟಾಗಿ ಕೂತಿತ್ತು. ಗ್ರಾಫಿನ ಕೆಳಗೆ ಬರಬೇಕಾಗಿದ್ದ ಒಂದು ಹೆಸರಿಗೆ ಜಾಗವೇ ಇರಲಿಲ್ಲ. ಆ ಹೆಸರಿನ ಬಗ್ಗೆ ನಾನು ಒಬ್ಬರಿಗೆ ಮಾತು ಕೊಟ್ಟಿದ್ದೆ.

ಅವರು ಕೋರಮಂಡಲ್‌ನಲ್ಲಿ ಗಣಿ ಕಾರ್ಮಿಕರ ಹಳೇ ಲೈನ್ ಮನೆಯೊಂದರಲ್ಲಿದ್ದ ಮುದುಕಿ. ಲೈನಿನವರೆಲ್ಲ ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದರು, ನಾನೂ ಪಾಟಿ ಎಂದೇ ಕರೆದೆ. ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುವುದು ಅವರ ಕೆಲಸ. ಸಂಡಿಗೆ ಒಣಗಬೇಕಾದರೆ ಬಿಸಿಲು ಬೇಕು, ಬಿಸಿಲಿಗೆ ಹಾಕಿದರೆ ದಿಬ್ಬದ ದೂಳು ಬಂದು ಕೂರುತ್ತದೆ. ದೂಳು ಕೂತ ಸಂಡಿಗೆ ಎಣ್ಣೆಗೆ ಬಿಟ್ಟರೆ ಹಲ್ಲಿಗೆ ಕರಕರ ಎನ್ನುತ್ತದೆ. ಹಾಗಾಗಿ ದೂಳು ಬಂದು ಸಂಡಿಗೆ ಕೆಟ್ಟ ದಿನವೆಲ್ಲ ಪಾಟಿ ಗೋಡೆ ಕ್ಯಾಲೆಂಡರಿನ ಮೇಲೆ ಬಟ್ಟೆಗೆ ಹಾಕುವ ನೀಲಿಯಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಯಾವ ತಿಂಗಳಲ್ಲಿ ಅಕ್ಕಿ ನೆನೆಸಬೇಕು, ಯಾವ ತಿಂಗಳಲ್ಲಿ ಕೈಕಟ್ಟಿ ಕೂರಬೇಕು ಎಂದು ತಿಳಿಯಲು ಅವರೇ ಕಂಡುಕೊಂಡ ದಾರಿ ಅದು. ವರ್ಷ ಮುಗಿದರೆ ಹಳೇ ಕ್ಯಾಲೆಂಡರ್ ತೆಗೆಯುತ್ತಿರಲಿಲ್ಲ. ಅದೇ ಮೊಳೆಗೆ, ಅದರ ಮೇಲೇ ಹೊಸದನ್ನು ಸಿಕ್ಕಿಸುತ್ತಿದ್ದರು. ನಾನು ನೋಡುವ ಹೊತ್ತಿಗೆ ಆ ಮೊಳೆಯ ಮೇಲೆ ಹನ್ನೊಂದು ವರ್ಷ ತೂಗುತ್ತಿತ್ತು.

ಆ ಹನ್ನೊಂದು ವರ್ಷವನ್ನು ಒಂದೊಂದಾಗಿ ಎತ್ತಿ ನೋಡುವಾಗ ನನಗೆ ಆದ ಸಂತೋಷವನ್ನು ಈಗಲೂ ಮುಚ್ಚಿಡಲಾರೆ. ಗಾಳಿಯ ತಿಂಗಳುಗಳಲ್ಲಿ ನೀಲಿ ಚುಕ್ಕೆಗಳು ತುಂಬಿಕೊಂಡಿದ್ದವು, ಮಳೆ ಹಿಡಿದ ತಿಂಗಳುಗಳಲ್ಲಿ ಹಾಳೆ ಖಾಲಿ. ಯಾವ ಯಂತ್ರವೂ ಆ ಬೀದಿಯಲ್ಲಿ ಅಷ್ಟು ವರ್ಷ ನಿಂತು ದೂಳು ಎಣಿಸಿರಲಿಲ್ಲ. ನಾನು ಚುಕ್ಕೆಗಳನ್ನು ಎಣಿಸಿ ಗ್ರಾಫು ಮಾಡಿಕೊಳ್ಳಲೇ ಎಂದು ಕೇಳಿದೆ.

"ಮಾಡ್ಕೊ ಕಣ್ಣು. ಆದ್ರೆ ನನ್ ಎಸ್ರು ಆಕ್ಬೇಕು" ಎಂದರು ಪಾಟಿ. ಅವರಿಗೆ ಚಿಕ್ಕವರೆಲ್ಲ 'ಕಣ್ಣು'.

"ಹಾಕ್ತೀನಿ ಪಾಟಿ. ಪಟ್ಟಿಯಲ್ಲಿ ಒಂದು ನಂಬರ್ ಕೊಟ್ಟು, ಕೆಳಗಡೆ..."

"ನಂಬರ್ ಬ್ಯಾಡ" ಎಂದರು. ಅಡುಗೆಮನೆಯ ಗೂಡಿನಿಂದ ಒಂದು ಹಿತ್ತಾಳೆ ಬಿಲ್ಲೆ ತಂದು ನನ್ನ ಕೈಗೆ ಹಾಕಿದರು. ಅದರ ಮೇಲೆ ಅಂಕಿ ಮಾತ್ರ ಕೊರೆದಿತ್ತು. "ನಮ್ಮೆಜಮಾನ್ರು ಇದನ್ ಕೊಟ್ಟು ಕೆಳಗ್ ಇಳೀತಿದ್ರು, ಮೇಲಕ್ ಬಂದು ಇದನ್ ಇಸ್ಕೋತಿದ್ರು. ಅಷ್ಟ್ ವರ್ಷ ದುಡುದ್ರೂ ಆ ಗಣಿಯಾಗೆ ಅವ್ರ ಎಸ್ರು ಒಂದ್ ಗೋಡೆ ಮ್ಯಾಲೂ ಇಲ್ಲ. ನಂಗೆ ಎಸ್ರೇ ಬೇಕು. ನಾನು ಬಂದು ದೂರ ನಿಂತು ನೋಡಿದ್ರೆ ಕಾಣ್ಬೇಕು. ಕನ್ನಡ ಬೋರ್ಡ್ ಓದ್ತೀನಿ ನಾನು, ಬಸ್ಸಿಂದು."

ಕಾಣುತ್ತದೆ ಎಂದು ಮಾತು ಕೊಟ್ಟೆ. ಈಗ ನೋಡಿದರೆ ಮೂವತ್ತನಾಲ್ಕು ಆಕರಗಳು ಬಂದು ಪಾಟಿಯ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದವು.

ಸರ್ ಕೆಟ್ಟವರಲ್ಲ. ಮಧ್ಯಾಹ್ನ ಅವರ ಡಬ್ಬಿಯ ಚಿತ್ರಾನ್ನದಲ್ಲಿ ನಮಗೂ ಪಾಲಿತ್ತು. ಆದರೆ ಆಕರಗಳ ವಿಷಯ ಬಂದರೆ ಮದುವೆ ಆಮಂತ್ರಣದಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರ ಹೆಸರು ನೋಡುವವರ ಹಾಗೆ ಆಡುತ್ತಿದ್ದರು. ಕಾರಣವೂ ಇತ್ತು. ಆ ಪಟ್ಟಿಯ ಹತ್ತೊಂಬತ್ತನೆಯ ಲೇಖನ ಅವರದೇ. ಆರು ಜನ ಬರೆದದ್ದು, ಅದರಲ್ಲಿ ಸರ್ ಐದನೆಯವರು.

ಆಕರವನ್ನು ಚಿಕ್ಕದು ಮಾಡುವ ದಾರಿ ನನಗೆ ಗೊತ್ತಿತ್ತು. ಪೋಸ್ಟರಿನ ಮೇಲೆ ನಿಜಕ್ಕೂ ಬಳಸಿದ ಲೇಖನಗಳನ್ನು ಮಾತ್ರ ಉಳಿಸಿಕೊಳ್ಳಬೇಕು, ಓದಿದ್ದನ್ನೆಲ್ಲ ಅಲ್ಲ. ಹಾಗೆ ಸೋಸಿದರೆ ಒಂಬತ್ತು ಉಳಿದವು. ವಾಕ್ಯದ ತುದಿಯಲ್ಲಿ ಚಿಕ್ಕದಾಗಿ ಮೇಲಕ್ಕೆ ಎತ್ತಿದ ಅಂಕಿ, ಅವು ಬಂದ ಕ್ರಮದಲ್ಲೇ ಕೆಳಗೆ ಪಟ್ಟಿ. ಪಟ್ಟಿಯಲ್ಲಿ ಲೇಖನದ ಶೀರ್ಷಿಕೆ ಬೇಡ. ಮೊದಲ ಲೇಖಕರ ಹೆಸರು, ಆಮೇಲೆ 'ಮತ್ತಿತರರು', ಪತ್ರಿಕೆಯ ಹೆಸರಿನ ಮೊಟಕು ರೂಪ, ವರ್ಷ, ಸಂಪುಟ, ಪುಟ. ಒಂದಕ್ಕೆ ಒಂದೇ ಸಾಲು. ಯಾರಿಗೆ ಪೂರ್ತಿ ವಿವರ ಬೇಕೋ ಅವರಿಗೆ ಮೂಲೆಯಲ್ಲೊಂದು ಕ್ಯೂಆರ್ ಚೌಕ. ಫೋನ್ ಹಿಡಿದರೆ ಅಷ್ಟೂ ಜನರ ಹೆಸರಿರುವ ಉದ್ದದ ಪಟ್ಟಿ ತೆರೆದುಕೊಳ್ಳುತ್ತದೆ. ಫೋನಿಲ್ಲದವರಿಗೆ ಅದೇ ಪಟ್ಟಿಯ ನಾಲ್ಕು ಪ್ರತಿ, ಬದಿಯ ಲಕೋಟೆಯಲ್ಲಿ.

ಇದನ್ನೆಲ್ಲ ಹಾಗೇ ಹೇಳಿದ್ದರೆ ಸರ್ ಒಪ್ಪುತ್ತಿರಲಿಲ್ಲ. ಅದಕ್ಕೆ ನಾನು ಬಾಯಲ್ಲಿ ಹೇಳಲಿಲ್ಲ. ಅವರು ಕೇಳಿದಂತೆಯೇ, ಮೂವತ್ತನಾಲ್ಕೂ ಇರುವ ಪೋಸ್ಟರನ್ನು ಹನ್ನೆರಡು ದೊಡ್ಡ ಹಾಳೆಗಳಲ್ಲಿ ಅಸಲಿ ಅಳತೆಗೇ ಮುದ್ರಿಸಿ, ಅಂಟಿಸಿ, ವಿಭಾಗದ ಕಾರಿಡಾರಿನ ಗೋಡೆಗೆ ಹಚ್ಚಿದೆ. ನೆಲದ ಮೇಲೆ ಆರು ಟೈಲ್ಸ್ ಎಣಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸರ್ ಅವರನ್ನು ವಿನಯದಿಂದ ಕರೆದು ಗೆರೆಯ ಮೇಲೆ ನಿಲ್ಲಿಸಿದೆ.

"ನೋಡುವವರು ಇಷ್ಟು ದೂರ ನಿಲ್ತಾರಂತೆ ಸರ್. ಎಲ್ಲ ಸರಿಯಿದೆಯಾ ಒಂದ್ಸಲ ನೋಡಿಬಿಡಿ. ನಿಮ್ಮ ಹೆಸರಿನ ಸ್ಪೆಲ್ಲಿಂಗೂ ನೋಡಿ."

ಸರ್ ನೋಡಿದರು. ಕನ್ನಡಕ ಮೇಲೆ ಮಾಡಿದರು, ಕೆಳಗೆ ಮಾಡಿದರು. "ಎಲ್ಲಿದೆಯಮ್ಮ?" ಎಂದರು.

"ಅಲ್ಲೇ ಇದೆ ಸರ್, ಹತ್ತೊಂಬತ್ತನೆಯದರಲ್ಲಿ."

ಒಂದು ಟೈಲ್ಸ್ ಮುಂದೆ ಹೋದರು. ಇನ್ನೊಂದು ಹೋದರು. ಅಷ್ಟರಲ್ಲಿ ಕಾರಿಡಾರಿನಲ್ಲಿ ಬಿ.ಎಸ್ಸಿ. ಹುಡುಗಿಯರು ನಾಲ್ಕು ಜನ ನಿಂತರು. ಸರ್ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಬೆರಳಿಟ್ಟು ಹುಡುಕಿ, ಹದಿನಾರನೆಯದರಲ್ಲಿ ದಾರಿ ತಪ್ಪಿ ಮತ್ತೆ ಮೊದಲಿನಿಂದ ಬಂದರು. ಸಿಕ್ಕಿತು. ತಿರುಗಿ ನನ್ನ ಮುಖ ನೋಡಿದರು. ನಾನು ಹೌದೂ ಅಲ್ಲ, ಅಲ್ಲವೂ ಅಲ್ಲ ಎನ್ನುವ ಹಾಗೆ ತಲೆಯಾಡಿಸಿದೆ.

"ಬೇಕು ಅಂತಲೇ ಮಾಡಿದೆ ಅಲ್ವಾ?" ಎಂದರು.

ಅವರ ಕೋಣೆಗೆ ಹೋಗಿ ಚಿಕ್ಕ ಪಟ್ಟಿ ಇರುವ ಪೋಸ್ಟರನ್ನು ತೋರಿಸಿದೆ. ಹತ್ತೊಂಬತ್ತನೆಯದು ಈಗ ನಾಲ್ಕನೆಯದಾಗಿತ್ತು. ಅದರಲ್ಲಿ ಮೊದಲ ಲೇಖಕರ ಹೆಸರಿತ್ತು, 'ಮತ್ತಿತರರು' ಇತ್ತು, ಸರ್ ಇರಲಿಲ್ಲ. ಅವರಿಗೆ ನಿಜವಾಗಿ ನೋವಾಯಿತು. "ಮತ್ತಿತರರು ಆಗೋದಕ್ಕಾ ನಾನು ಮೂರು ಬೇಸಿಗೆ ಆ ದಿಬ್ಬ ಹತ್ತಿದ್ದು?" ಎಂದರು. ನಗುವುದಕ್ಕೆಂದು ಹೋದವಳು ಆ ಮಾತು ಕೇಳಿ ನಗು ಬಿಟ್ಟೆ. ಮಾರ್ಗದರ್ಶಕರೆಂದು ಅವರ ಹೆಸರು ಪೋಸ್ಟರಿನ ತಲೆಯ ಮೇಲೇ ದಪ್ಪಕ್ಷರದಲ್ಲಿ ಇದೆ, ಕ್ಯೂಆರ್ ಪಟ್ಟಿಯಲ್ಲಿ ಆರೂ ಜನ ಇದ್ದಾರೆ ಎಂದು ಸಮಾಧಾನ ಹೇಳಿದೆ. ಸರ್ ಪೆನ್ನು ತೆಗೆದರು. ತೆಗೆದವರು ಗ್ರಾಫಿನ ಕೆಳಗೆ ನೋಡಿ ಮತ್ತೆ ನಿಂತರು.

"ಇದ್ಯಾರು?"

"ಕ್ಯಾಲೆಂಡರಿನ ಪಾಟಿ ಸರ್."

"ಉಳಿದವರಿಗೆಲ್ಲ ನಂಬರ್ ಕೊಟ್ಟಿದ್ದೀಯ. ಇವರಿಗೂ ಹತ್ತನೇ ನಂಬರ್ ಕೊಡು. ಎಲ್ಲ ಒಂದೇ ತರ ಇರಬೇಕಲ್ಲ."

"ಗ್ರಾಫು ಯಾರ ದಾಖಲೆಯಿಂದ ಮಾಡಿದ್ದೋ ಅವರ ಹೆಸರನ್ನು ಅದರ ಬುಡದಲ್ಲೇ ಹಾಕಬಹುದು ಸರ್, ನೀವೇ ಪಾಠದಲ್ಲಿ ಹೇಳಿದ್ದು. ನೋಡುವವರು ಹುಡುಕಿಕೊಂಡು ಹೋಗಬಾರದು ಅಂತ."

"ಹೇಳಿದ್ದೆ" ಎಂದರು ಸರ್, ಹೇಳಿದ್ದಕ್ಕೆ ಪಶ್ಚಾತ್ತಾಪ ಪಡುತ್ತಾ. "ಆದರೂ ಸಂಡಿಗೆ ಮಾಡುವವರ ಹೆಸರು ಇಷ್ಟು ದೊಡ್ಡದು, ನಾವೆಲ್ಲ 'ಮತ್ತಿತರರು'?"

"ಪಾಟಿ ಒಬ್ಬರೇ ಸರ್. ನೀವು ಆರು ಜನ."

ಸಹಿ ಬಿತ್ತು. ಅದು ಕೋಪದಲ್ಲಿ ಬಿದ್ದದ್ದೋ ನಗುವಿನಲ್ಲಿ ಬಿದ್ದದ್ದೋ ಅಕ್ಷರ ನೋಡಿ ಹೇಳುವ ಹಾಗಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಸಂಜೆ ಬಂಗಾರಪೇಟೆ ಸ್ಟೇಷನ್ ಹತ್ತಿರದ ಫ್ಲೆಕ್ಸ್ ಅಂಗಡಿಗೆ ಪೋಸ್ಟರ್ ತೆಗೆದುಕೊಂಡು ಹೋದೆ. ಅಲ್ಲಿನ ಅಣ್ಣ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಕ್ರಿಕೆಟ್ ಟೂರ್ನಿ ಎಲ್ಲವನ್ನೂ ಒಂದೇ ಕೈಯಲ್ಲಿ ಮಾಡುವವರು. ನನ್ನ ಪೋಸ್ಟರನ್ನು ಕಂಪ್ಯೂಟರಿನಲ್ಲಿ ತೆರೆದು ಬಹಳ ಹೊತ್ತು ನೋಡಿದರು. ಕೆಳಗಿನ ಪಟ್ಟಿಯ 'ಮತ್ತಿತರರು' ಎಂಬ ಮಾತು ಅವರಿಗೆ ತಕ್ಷಣ ಅರ್ಥವಾಯಿತು.

"ನಮ್ದಾಗೆ 'ಮತ್ತು ಗೆಳೆಯರ ಬಳಗ' ಅಂತೀವಲ್ಲಕ್ಕಾ, ಅದೇ ತಾನೆ? ಒಳ್ಳೆ ಐಡಿಯಾ. ಆದ್ರೆ ಗಲಾಟೆ ಆಯ್ತದೆ. ಓದ್ ವಾರ ಬ್ಯಾನರ್‌ನಾಗೆ ಒಬ್ರ ತಲೆ ಬಿಟ್ಟೋಯ್ತು ಅಂತ ಅಂಗ್ಡಿ ಬಾಗ್ಲಿಗೇ ಬಂದ್ಬಿಟ್ರು."

"ನಮ್ಮ ಕಡೆಯೂ ಆಯಿತಣ್ಣ, ಗಲಾಟೆ" ಎಂದೆ.

ಅವರಿಗೆ ಸರಿಬಾರದೇ ಇದ್ದದ್ದು ಖಾಲಿ ಜಾಗ. ಪಟ್ಟಿ ಕರಗಿದ ಮೇಲೆ ಗ್ರಾಫಿನ ಎರಡೂ ಬದಿಗೆ ಒಂದೊಂದು ಗೇಣು ಬಿಳಿ ಉಳಿದಿತ್ತು. ಕಣ್ಣಿಗೆ ಹಾಯಾಗಿರಲಿ ಎಂದು ನಾನೇ ಬೇಕೆಂದು ಬಿಟ್ಟದ್ದು, ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು. "ಇಷ್ಟ್ ಖಾಲಿ ಬಿಟ್ರೆ ನಮ್ ಅಂಗ್ಡಿ ಎಸ್ರು ಆಳಾಯ್ತದೆ ಅಕ್ಕಾ" ಎಂದರು ಅಣ್ಣ. ನಾನು ಗಮನ ಕೊಡಲಿಲ್ಲ. ನನ್ನ ಗಮನವೆಲ್ಲ ಪಾಟಿಯ ಹೆಸರಿನ ಮೇಲಿತ್ತು. ಆ ಸಾಲಿನಲ್ಲಿ 'ಮೂಲ:' ಎಂದಿತ್ತು, ಪಾಟಿಯ ಹೆಸರಿತ್ತು, 'ಗೋಡೆ ಕ್ಯಾಲೆಂಡರ್' ಎಂದಿತ್ತು, ಆಮೇಲೆ ಮೊದಲ ಕ್ಯಾಲೆಂಡರಿನ ವರ್ಷ, ಒಂದು ಗೆರೆ, ಕೊನೆಯ ಕ್ಯಾಲೆಂಡರಿನ ವರ್ಷ. ಹೆಸರನ್ನು ಇನ್ನೂ ದಪ್ಪ ಮಾಡಿಸಿದರೆ ಸಾಲು ಮುರಿದು ಎರಡಾಗುತ್ತಿತ್ತು.

ಚಿಕ್ಕದು ಮಾಡುವ ಚಟ ಹತ್ತಿದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ನಾನು 'ಮೂಲ:' ತೆಗೆಸಿದೆ. ಇನ್ನೂ ಸಾಲಲಿಲ್ಲ, 'ಗೋಡೆ ಕ್ಯಾಲೆಂಡರ್' ಕೂಡ ತೆಗೆಸಿದೆ. ಬಾಯಲ್ಲಿ ಹೇಳಿಕೊಂಡರಾಯಿತು ಎಂದುಕೊಂಡೆ. ಹೆಸರು, ವರ್ಷ, ಗೆರೆ, ವರ್ಷ ಅಷ್ಟೇ ಉಳಿಯಿತು. ಈಗ ಹೆಸರು ದಪ್ಪಗೆ, ಒಂದೇ ಸಾಲಿನಲ್ಲಿ, ಅಂಗಡಿಯ ಬಾಗಿಲಿನಿಂದಲೇ ಕಾಣುತ್ತಿತ್ತು.

"ಈ ಹೆಸರು ಮಾತ್ರ ಚೆನ್ನಾಗಿ ಬರಬೇಕಣ್ಣ. ಇದೇ ಮುಖ್ಯ" ಎಂದೆ.

ಅಣ್ಣ ಆ ಸಾಲನ್ನು ನೋಡಿದರು. ಅವರ ಮುಖ ಮೆತ್ತಗಾಯಿತು. "ಫೋಟೋ ಇಲ್ವಾ ಅಕ್ಕಾ?" ಎಂದರು.

"ಫೋಟೋ ಬೇಡ. ಹೆಸರು ಸಾಕು."

"ಪಾಪ" ಎಂದರು ಅಣ್ಣ. ವಿಜ್ಞಾನದ ಮೇಲೆ ಅವರಿಗೆ ಇಷ್ಟು ಮರುಕ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಕ್ಯಾಸಂಬಳ್ಳಿ ಕಡೆಗೆ ಬಸ್ಸು ಹೊರಡುವ ಹೊತ್ತಾಗಿತ್ತು, ಓಡಿದೆ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹೋಗಿ ಸುರುಳಿ ಬಿಚ್ಚಿದೆ. ನಾನು ಅಷ್ಟು ಜಂಬದಿಂದ ಬಿಟ್ಟಿದ್ದ ಎರಡೂ ಬಿಳಿ ಜಾಗಗಳಲ್ಲಿ ಎರಡು ಕಾಲುದೀಪಗಳು ಉರಿಯುತ್ತಿದ್ದವು. ಆಳೆತ್ತರದವಲ್ಲ, ಗೇಣುದ್ದದವು, ಆದರೆ ಜ್ವಾಲೆ ಒಳ್ಳೆ ಹಳದಿ. ಪಾಟಿಯ ಹೆಸರಿನ ಪಕ್ಕದಲ್ಲಿ ಒಂದು ಬಿಳಿ ಗುಲಾಬಿ ಬಾಡಿದಂತೆ ಬಾಗಿತ್ತು. ಬಲಗಡೆಯ ದೀಪದ ಜ್ವಾಲೆ ನನ್ನ ಕ್ಯೂಆರ್ ಚೌಕದ ಅಂಚನ್ನು ನೆಕ್ಕುತ್ತಿತ್ತು. ಮಧ್ಯದಲ್ಲಿ ದೂಳಿನ ಗ್ರಾಫು, ಕೆಳಗೆ ದಪ್ಪಕ್ಷರದಲ್ಲಿ ಪಾಟಿ, ಶ್ರದ್ಧಾಂಜಲಿಯಲ್ಲಿ ಇರುವ ಹಾಗೆ ಹುಟ್ಟಿದ ವರ್ಷ, ತೀರಿಹೋದ ವರ್ಷ.

ನಾನು ಸುರುಳಿಯ ತುದಿ ಹಿಡಿದುಕೊಂಡೇ ಗೋಡೆಗೆ ಒರಗಿದೆ. ಅಣ್ಣ ಅದನ್ನು ದುಃಖವೆಂದು ತಿಳಿದು ಒಂದು ಸ್ಟೂಲು ಎಳೆದು ಕೊಟ್ಟರು.

"ದೀಪಕ್ಕೇನೂ ಚಾರ್ಜ್ ಆಕಿಲ್ಲಕ್ಕಾ. ಅತ್ತನ್ನೊಂದ್ ವರ್ಷದ ಮಗು. ನೋಡಿ ನಂಗೇ ಒಂಥರಾ ಆಯ್ತು."

"ಅಣ್ಣ, ಅವರು ಬದುಕಿದ್ದಾರೆ. ಮಗು ಅಲ್ಲ, ಮುದುಕಿ. ಅದು ಕ್ಯಾಲೆಂಡರಿನ ವರ್ಷ. ಇನ್ನು ಎರಡು ಗಂಟೆಯಲ್ಲಿ ಬಸ್ಸಿಳಿದು ಇದನ್ನು ನೋಡುವುದಕ್ಕೆ ಬರುತ್ತಾರೆ."

ಅಣ್ಣ ಪೋಸ್ಟರಿಗೆ ಬಗ್ಗಿ ಆ ಸಾಲನ್ನು ಮತ್ತೆ ಓದಿದರು. "ಮತ್ತೆ ಬರೀ ಎಸ್ರು, ವರ್ಷ ಆಕ್ಸಿದ್ರಿ? ನಾವು ಒಳಗಿನ ಮ್ಯಾಟರ್ ಓದಲ್ಲಕ್ಕಾ. ಎಸ್ರು, ವರ್ಷ ಮಾತ್ರ ಎರಡ್ ಸಲ ನೋಡ್ತೀವಿ. ಅದ್ರಾಗೆ ತಪ್ಪಾದ್ರೆ ಮನೆಯವ್ರು ಬಿಡಲ್ಲ."

ತಪ್ಪು ನನ್ನದೇ. ಸರ್ ಅವರ ಪಟ್ಟಿ ಉದ್ದವಾಗಿ ಯಾರಿಗೂ ಓದಲಾಗದೆ ಹೋಗಿತ್ತು. ನನ್ನ ಸಾಲು ಎಷ್ಟು ಗಿಡ್ಡವಾಗಿತ್ತೆಂದರೆ ಓದಿದವರಿಗೆ ಬೇರೆಯೇ ಅರ್ಥ ಕೊಟ್ಟಿತ್ತು. ಎರಡು ಪದ ಉಳಿಸಲು ಹೋಗಿ ಒಬ್ಬ ಜೀವಂತ ಹೆಂಗಸನ್ನು ಕೊಂದಿದ್ದೆ, ಅದೂ ಅವರದೇ ಹೆಸರು ಹಾಕುತ್ತೇನೆಂದು ಮಾತು ಕೊಟ್ಟು.

ಮತ್ತೆ ಮುದ್ರಿಸಲು ಆಗುತ್ತಿರಲಿಲ್ಲ. ಯಂತ್ರದ ಮೇಲೆ ಯಾರದೋ ಉದ್ದನೆಯ ಬ್ಯಾನರು ಓಡುತ್ತಿತ್ತು, ಮಧ್ಯದಲ್ಲಿ ನಿಲ್ಲಿಸಿದರೆ ಅದು ಹಾಳು. ಅಣ್ಣ ಬಿಳಿ ಸ್ಟಿಕ್ಕರ್ ಹಾಳೆ ತೆಗೆದು ಅಳತೆ ಮಾಡಿ ಕತ್ತರಿಸಿದರು. ಎರಡು ದೀಪಗಳ ಮೇಲೂ ಗುಲಾಬಿಯ ಮೇಲೂ ನೀಟಾಗಿ ಎಳೆದರು. ಕ್ಯೂಆರ್ ಚೌಕದ ಸುತ್ತ ಬಿಳಿ ಅಂಚು ಮತ್ತೆ ಬಂತು. ಜ್ವಾಲೆ ತಾಗಿದ್ದಾಗ ಹಟ ಹಿಡಿದಿದ್ದ ಫೋನು ಈಗ ಒಂದೇ ಸಲಕ್ಕೆ ಓದಿತು. ಆಮೇಲೆ ಅಕ್ಷರ ಕತ್ತರಿಸುವ ಚಿಕ್ಕ ಯಂತ್ರದಲ್ಲಿ 'ಮೂಲ:' ಮತ್ತು 'ಗೋಡೆ ಕ್ಯಾಲೆಂಡರ್' ಎಂದು ಕತ್ತರಿಸಿ, ಹೆಸರಿನ ಮೇಲೊಂದು, ಕೆಳಗೊಂದು ಚಿಕ್ಕದಾಗಿ ಅಂಟಿಸಿದರು. ಸಾಲು ಮುರಿದು ಮೂರಾದರೂ ಹೆಸರು ದಪ್ಪವಾಗೇ ಉಳಿಯಿತು. ಇಷ್ಟು ಸುಲಭದ ದಾರಿ ಹಿಂದಿನ ಸಂಜೆ ನನಗೆ ಯಾಕೆ ಹೊಳೆಯಲಿಲ್ಲವೆಂದು ನನ್ನ ಮೇಲೇ ಸಿಟ್ಟು ಬಂತು.

ಸಭಾಂಗಣದಲ್ಲಿ ಮೊದಲು ಭಾಷಣಗಳು. ನನಗಿಂತ ಮುಂಚೆ ಮಾತಾಡಿದ ಹುಡುಗನ ಕೊನೆಯ ಎರಡು ಸ್ಲೈಡು ಪೂರ್ತಿ ಆಕರಗಳೇ. ಎರಡೂ ಸೇರಿ ಮೂರು ಸೆಕೆಂಡು ಕಾಣಿಸಿಕೊಂಡು ಹೋದವು. ತೀರ್ಪುಗಾರರಲ್ಲಿದ್ದ ಒಬ್ಬ ಮೇಡಂ, "ನಿಮ್ಮ ಎರಡನೇ ಸ್ಲೈಡಿನ ನಕ್ಷೆ ಎಲ್ಲಿಂದ ತಂದದ್ದು?" ಎಂದು ಕೇಳಿದರು. ಪಾಪ, ಹಿಂದಕ್ಕೆ ಹೋಗಿ ನಕ್ಷೆ ನೋಡಿದ, ಮುಂದಕ್ಕೆ ಬಂದು ಪಟ್ಟಿ ನೋಡಿದ, ಮತ್ತೆ ಹಿಂದಕ್ಕೆ ಹೋದ. ಅವನ ಸಮಯ ಮುಗಿದ ಗಂಟೆ ಬಾರಿಸಿತು. ನಾನು ಆರು ಸ್ಲೈಡಿನಲ್ಲಿ ಒಂದನ್ನೂ ಪಟ್ಟಿಗೆ ಕೊಟ್ಟಿರಲಿಲ್ಲ. ಯಾವ ಸ್ಲೈಡಿನಲ್ಲಿ ಯಾರ ಮಾತು ಬಂತೋ ಆ ಸ್ಲೈಡಿನ ಅಡಿಯಲ್ಲೇ ಬೂದು ಬಣ್ಣದಲ್ಲಿ ಒಂದು ಹೆಸರು, ಒಂದು ವರ್ಷ. ಗ್ರಾಫಿನ ಸ್ಲೈಡಿನಲ್ಲಿ ಪಾಟಿಯ ಹೆಸರು, ಮತ್ತು ಈ ಸಲ ಬುದ್ಧಿ ಬಂದು, ಗೋಡೆ ಕ್ಯಾಲೆಂಡರ್ ಎಂದೂ ಇತ್ತು. ಅದೊಂದನ್ನು ಬೆಳಗ್ಗೆ ಫ್ಲೆಕ್ಸ್ ಅಂಗಡಿಯ ಸ್ಟೂಲಿನ ಮೇಲೆ ಕೂತೇ ತಿದ್ದಿದ್ದೆ.

ನಾವು ಪೋಸ್ಟರುಗಳ ಮುಂದೆ ನಿಂತು ಅರ್ಧ ಗಂಟೆಯಾದ ಮೇಲೆ ಪಾಟಿ ಬಂದರು. ಒಳ್ಳೆಯ ಸೀರೆ ಉಟ್ಟು, ಕೈಯಲ್ಲಿ ಒಂದು ಡಬ್ಬಿ ಸಂಡಿಗೆ ಹಿಡಿದು ಬಂದಿದ್ದರು. ಬಾಗಿಲಲ್ಲೇ ನಿಂತು ಒಂದೊಂದಾಗಿ ಎಲ್ಲ ಪೋಸ್ಟರುಗಳ ಮೇಲೆ ಕಣ್ಣಾಡಿಸಿದರು, ಬಸ್ಸಿನ ಬೋರ್ಡು ನೋಡುವ ಹಾಗೆ. ನಾನು ಕೈ ಎತ್ತಿ ಕರೆಯಬಹುದಿತ್ತು. ಕರೆಯಲಿಲ್ಲ.

ಪಾಟಿಯ ಕಣ್ಣು ನನ್ನ ಪೋಸ್ಟರಿಗೆ ಬಂದು ನಿಂತಿತು. ತುಟಿ ಅಲ್ಲಾಡಿತು. ಒಂದೊಂದೇ ಅಕ್ಷರ ಕೂಡಿಸಿ, ಅಲ್ಲಿಂದಲೇ, ತಮ್ಮ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ಓದಿ ಮುಗಿಸಿ ಸುತ್ತ ನೋಡಿದರು, ಇನ್ಯಾರಾದರೂ ಓದಿದರೇ ಎಂದು.

ಹತ್ತಿರ ಬಂದವರು ವಾಕ್ಯಗಳ ತುದಿಯ ಪುಟ್ಟ ಅಂಕಿಗಳ ಮೇಲೆ ಬೆರಳಿಟ್ಟರು. "ಇವೇನು ಕಣ್ಣು, ಒಂದು, ಎರಡು, ಮೂರು?"

"ಅವರೆಲ್ಲ ದೊಡ್ಡ ದೊಡ್ಡ ವಿಜ್ಞಾನಿಗಳು ಪಾಟಿ. ಜಾಗ ಇರಲಿಲ್ಲ. ಅದಕ್ಕೆ ನಂಬರ್ ಕೊಟ್ಟಿದ್ದೀನಿ."

ಪಾಟಿ ಆ ಅಂಕಿಗಳನ್ನು ಬಹಳ ಹೊತ್ತು ನೋಡಿದರು. "ಪಾವಂ, ಪಾಪ" ಎಂದರು. "ಅವ್ರ್ ಮನೆಯವ್ರು ಬಂದ್ರೆ ಎಲ್ ನೋಡ್ಬೇಕು?"

ನಾನು ಫೋನು ತೆಗೆದು ಚೌಕದ ಮೇಲೆ ಹಿಡಿದೆ. ಉದ್ದದ ಪಟ್ಟಿ ತೆರೆಯಿತು. ಒಬ್ಬರನ್ನೂ ಬಿಟ್ಟಿಲ್ಲ, ಎಲ್ಲರ ಹೆಸರೂ ಇದೆ ಎಂದು ಸರಿಸಿ ತೋರಿಸಿದೆ. ಸರ್ ಪಕ್ಕದಲ್ಲೇ ನಿಂತಿದ್ದರು. "ಇವ್ರ್ ಎಸ್ರು ಎಲ್ಲಿ?" ಎಂದು ಪಾಟಿ ಕೇಳಿದರು. ನಾಲ್ಕನೆಯದರಲ್ಲಿ ಐದನೆಯ ಹೆಸರನ್ನು ಬೆರಳಲ್ಲಿ ಹಿಗ್ಗಿಸಿ ಪರದೆಯ ತುಂಬ ಮಾಡಿದೆ. ಸರ್ ಆರು ಟೈಲ್ಸ್ ದೂರಕ್ಕೆ ಹೋಗಲಿಲ್ಲ, ಆದರೆ ಇದ್ದಲ್ಲಿಂದಲೇ ಕನ್ನಡಕ ಮುಟ್ಟದೆ ಓದಿಕೊಂಡರು. ಅವರ ಮುಖ ಅರಳಿದ್ದನ್ನು ಕಂಡು, ಕಾರಿಡಾರಿನಲ್ಲಿ ಅವರನ್ನು ಅಷ್ಟು ಆಡಿಸಬಾರದಿತ್ತು ಅನಿಸಿತು. ಅನಿಸಿದ್ದು ಸ್ವಲ್ಪ ಹೊತ್ತು ಮಾತ್ರ.

ಆ ತೀರ್ಪುಗಾರ ಮೇಡಂ ನಮ್ಮ ಮುಂದೆ ಬಂದು ನಿಂತರು. ಗ್ರಾಫು ನೋಡಿ, ಅದರ ಕೆಳಗೆ ಓದಿ, "ಈ ಕ್ಯಾಲೆಂಡರುಗಳನ್ನು ನೋಡಬೇಕಾದರೆ ಎಲ್ಲಿ ನೋಡಬೇಕು?" ಎಂದರು.

"ಇವರನ್ನೇ ಕೇಳಿ ಮೇಡಂ" ಎಂದು ನಾನು ಪಕ್ಕಕ್ಕೆ ಸರಿದೆ.

ಪಾಟಿ ಐದು ನಿಮಿಷ ಮಾತಾಡಿದರು. ದೂಳು ಯಾವ ಕಡೆಯಿಂದ ಏಳುತ್ತದೆ, ಯಾವ ಹೊತ್ತಿಗೆ ಏಳುತ್ತದೆ, ಅಕ್ಕಿಹಿಟ್ಟಿನ ಸಂಡಿಗೆಯ ಮೇಲೆ ಹೇಗೆ ಕೂರುತ್ತದೆ, ಸಾಬಕ್ಕಿಯದರ ಮೇಲೆ ಹೇಗೆ ಕೂರುತ್ತದೆ ಎಂದು ಕೈಯಲ್ಲಿ ತೋರಿಸಿದರು. ಮೇಡಂ ಬರೆದುಕೊಳ್ಳುತ್ತಿದ್ದರು. ಆಗಲೇ ಮೇಲಿನ ಫ್ಯಾನಿನ ಗಾಳಿಗೆ ಎಡಗಡೆಯ ಸ್ಟಿಕ್ಕರಿನ ತುದಿ ಎದ್ದಿತು. ಇನ್ನಷ್ಟು ಎದ್ದಿತು. ಆಮೇಲೆ ಅರ್ಧ ಮಡಿಸಿಕೊಂಡು ಜೋತುಬಿತ್ತು. ಕಾಲುದೀಪ ಪ್ರತ್ಯಕ್ಷವಾಯಿತು.

ಮೇಡಂ ದೀಪ ನೋಡಿದರು, ಹೆಸರು ನೋಡಿದರು, ವರ್ಷ ನೋಡಿದರು, ಎದುರಿಗೆ ನಿಂತಿದ್ದ ಪಾಟಿಯನ್ನು ನೋಡಿದರು. ಸರ್ ಚಾವಣಿ ನೋಡಿದರು. ನನಗೆ ಆ ಕ್ಷಣ ಭೂಮಿ ಬಾಯ್ಬಿಡಬಾರದೇ ಅನಿಸಿತು, ಕೆ.ಜಿ.ಎಫ್. ಆಗಿದ್ದರೆ ಅದಕ್ಕೇನು ಕಷ್ಟವಿರಲಿಲ್ಲ. ಬೇರೆ ದಾರಿಯಿಲ್ಲದೆ ಎಲ್ಲರ ಮುಂದೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಹೆಸರು ದೊಡ್ಡದಾಗಲಿ ಎಂದು ನಾನು ಎರಡು ಪದ ಕತ್ತರಿಸಿದ್ದು, ಫ್ಲೆಕ್ಸ್ ಅಣ್ಣ ಮರುಗಿದ್ದು, ದೀಪಕ್ಕೆ ಚಾರ್ಜ್ ಹಾಕದಿದ್ದದ್ದು ಎಲ್ಲ.

ಪಾಟಿ ಡಬ್ಬಿಯನ್ನು ಸರ್ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಜೋತುಬಿದ್ದ ಸ್ಟಿಕ್ಕರನ್ನು ತಾವೇ ಎತ್ತಿ, ಸಂಡಿಗೆ ತಟ್ಟುವ ಹಾಗೆ ಅಂಗೈಯಲ್ಲಿ ತಟ್ಟಿ ಅಂಟಿಸಿದರು.

"ಇರ್ಲಿ ಬಿಡು. ಮುಂದಕ್ಕೆ ಬೇಕಾಯ್ತದೆ. ಆವಾಗ ಇದನ್ ಕಿತ್ರೆ ಆಯ್ತು, ಇನ್ನೊಂದ್ ಮಾಡ್ಸೋದ್ ಬ್ಯಾಡ."

ನಮಗೆ ಬಹುಮಾನ ಬರಲಿಲ್ಲ. ಅರ್ಧ ದಿನ ಬೇಜಾರಾಯಿತು, ಸರ್‌ಗೆ ಒಂದು ವಾರ. ಪೋಸ್ಟರನ್ನು ಪಾಟಿ ಕೇಳಿ ತೆಗೆದುಕೊಂಡು ಹೋದರು. ಕ್ಯಾಲೆಂಡರ್ ಮೊಳೆಯ ಪಕ್ಕದ ಗೋಡೆಗೆ, ಮನೆಗೆ ಬಂದವರು ಬಾಗಿಲಿನಿಂದಲೇ ಓದುವ ಹಾಗೆ ಹಾಕಿಸಿದರು. ಹಿತ್ತಾಳೆ ಬಿಲ್ಲೆಯನ್ನು ಗೂಡಿನಿಂದ ತೆಗೆದು ಅದರ ಮೇಲುಗಡೆಗೇ ತೂಗುಹಾಕಿದರು.

ಈಗ ನಾನೂ ಪಾಠ ಹೇಳುತ್ತೇನೆ. ನನ್ನ ಹುಡುಗಿಯರು ಪೋಸ್ಟರ್ ತಂದು ತೋರಿಸಿದರೆ ಕಾರಿಡಾರಿನಲ್ಲಿ ಆರು ಟೈಲ್ಸ್ ಎಣಿಸಿ ನಿಂತು ನೋಡುತ್ತೇನೆ. ಆಕರದ ಸಾಲನ್ನು ತೀರ ಗಿಡ್ಡ ಮಾಡಿದವರಿಗೆ ಮಾತ್ರ ಪಾಟಿಯ ಕಥೆ ಹೇಳುತ್ತೇನೆ.

ಪಾಟಿ ಇನ್ನೂ ಸಂಡಿಗೆ ಇಡುತ್ತಾರೆ, ನೀಲಿ ಚುಕ್ಕೆಯನ್ನೂ ಇಡುತ್ತಾರೆ. ಮೊಳೆಗೆ ಪ್ರತಿ ವರ್ಷ ಇನ್ನೊಂದು ಕ್ಯಾಲೆಂಡರ್ ಏರುತ್ತದೆ. ಹಾಗಾದ ಮೇಲೆ ಗ್ರಾಫಿನ ಕೆಳಗಿನ ಕೊನೆಯ ವರ್ಷ ತಪ್ಪಾಗುತ್ತದಲ್ಲ ಎಂದು ಒಮ್ಮೆ ಅವರೇ ಕೇಳಿದರು. ಅಂದಿನಿಂದ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಫ್ಲೆಕ್ಸ್ ಅಣ್ಣ ಹೊಸ ವರ್ಷವನ್ನು ಸ್ಟಿಕ್ಕರಿನಲ್ಲಿ ಕತ್ತರಿಸಿ ಕೊಡುತ್ತಾರೆ, ನಾನು ಕೋರಮಂಡಲ್‌ಗೆ ಹೋಗಿ ಹಳೆಯದರ ಮೇಲೆ ಅಂಟಿಸುತ್ತೇನೆ. ಈ ವರ್ಷವೂ ಹೋಗಿದ್ದೆ. ಸ್ಟೂಲು ಹತ್ತಿ ಅಂಟಿಸುತ್ತಿದ್ದಾಗ ಪಾಟಿ ಬಾಗಿಲಲ್ಲಿ ನಿಂತು ಹೆಸರನ್ನು ಒಮ್ಮೆ ಓದಿಕೊಂಡರು.

"ವರ್ಷ ಸರಿಯಾಗಿ ಕೂತೈತೆ" ಎಂದರು. "ಅಂಗೇ ಆ ದೀಪದ್ ಮ್ಯಾಲಿಂದೂ ಒಸಿ ಒತ್ತು ಕಣ್ಣು. ಎದ್ದುಗಿದ್ದಾತು."